ಉಚ್ಚ ಶುಕ್ರನ ಭುಕ್ತಿ ಕಳೆದರೂ ಮದುವೆ ಏಕಾಗಲಿಲ್ಲ? ಕೆ.ಪಿ. ಪದ್ಧತಿಯ ಸಬ್ ಲಾರ್ಡ್ ಕೊಡುವ ಉತ್ತರ

ಪ್ರಶ್ನೆ: ನನ್ನದು ಮೇಷ ಲಗ್ನ. ಸಪ್ತಮಾಧಿಪತಿ ಶುಕ್ರ ಮೀನದಲ್ಲಿ ಉಚ್ಚನಾಗಿದ್ದಾನೆ, ಶನಿ ದಶೆಯ ಶುಕ್ರ ಭುಕ್ತಿಯಲ್ಲಿ ಮದುವೆ ಖಚಿತ ಎಂದು ನಮ್ಮ ಜ್ಯೋತಿಷಿಗಳು ಹೇಳಿದ್ದರು. ಆ ಭುಕ್ತಿ ಮುಗಿದೇ ಹೋಯಿತು. ಈಗ ಕೆ.ಪಿ. ಪದ್ಧತಿಯವರೊಬ್ಬರು ‘ಶುಕ್ರನ ಸಬ್ ಲಾರ್ಡ್ ಸರಿಯಿಲ್ಲ, ಚಂದ್ರ ಭುಕ್ತಿಯಲ್ಲಿ ಆಗುತ್ತದೆ’ ಎನ್ನುತ್ತಿದ್ದಾರೆ. ಸಬ್ ಲಾರ್ಡ್ ಎಂದರೇನು? ಒಂದೇ ಜಾತಕದಿಂದ ಎರಡು ಬೇರೆ ಕಾಲ ಹೇಗೆ ಬರುತ್ತದೆ?

ಉತ್ತರ: ಎರಡೂ ಪದ್ಧತಿಗಳು ಬಳಸುವುದು ಒಂದೇ ವಿಂಶೋತ್ತರಿ ದಶೆಯನ್ನು, ಆದ್ದರಿಂದ ಭಿನ್ನಾಭಿಪ್ರಾಯ ಇರುವುದು ದಶೆಯ ಗಣಿತದಲ್ಲಲ್ಲ. ಯಾವ ಗ್ರಹಕ್ಕೆ ಮದುವೆಯನ್ನು ಕೊಡುವ ಅಧಿಕಾರವಿದೆ ಎಂಬುದನ್ನು ನಿರ್ಧರಿಸುವ ಕ್ರಮದಲ್ಲಿ ಎರಡೂ ಬೇರೆಯಾಗುತ್ತವೆ. ಪರಾಶರ ಪದ್ಧತಿಯು ಗ್ರಹದ ಆಧಿಪತ್ಯ, ಸ್ಥಿತಿ, ಬಲ, ದೃಷ್ಟಿ ಮತ್ತು ಕಾರಕತ್ವಗಳನ್ನು ತೂಗಿ ಆ ಅಧಿಕಾರವನ್ನು ಕೊಡುತ್ತದೆ. ಕೆ.ಪಿ., ಅಂದರೆ ಕೃಷ್ಣಮೂರ್ತಿ ಪದ್ಧತಿಯು, ಗ್ರಹ ನಿಂತಿರುವ ನಕ್ಷತ್ರದ ಅಧಿಪತಿಯಿಂದ ಫಲ ಯಾವುದೆಂದು ತಿಳಿದು, ಆ ನಕ್ಷತ್ರದೊಳಗಿನ ಇನ್ನೂ ಚಿಕ್ಕ ಭಾಗದ ಅಧಿಪತಿಯಿಂದ ಆ ಫಲ ಕೈಗೂಡುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸುತ್ತದೆ. ಈ ಚಿಕ್ಕ ಭಾಗವೇ ಸಬ್, ಅದರ ಅಧಿಪತಿಯೇ ಸಬ್ ಲಾರ್ಡ್.

ಈ ಕ್ರಮವನ್ನು ರೂಪಿಸಿದವರು ತಮಿಳುನಾಡಿನ ಕೆ.ಎಸ್. ಕೃಷ್ಣಮೂರ್ತಿ (1908–1972). ಸಬ್ ಎಂಬುದು ಶೂನ್ಯದಿಂದ ಹುಟ್ಟಿದ ಕಲ್ಪನೆಯಲ್ಲ. ದಶೆಯೊಳಗೆ ಭುಕ್ತಿಗಳು ಯಾವ ಪ್ರಮಾಣದಲ್ಲಿ ಹಂಚಿಹೋಗುತ್ತವೆಯೋ ಅದೇ ಪ್ರಮಾಣದಲ್ಲಿ ನಕ್ಷತ್ರದ ವಿಸ್ತಾರವನ್ನೂ ಹಂಚಿದರೆ ಸಬ್ ದೊರೆಯುತ್ತದೆ. ಒಂದು ನಕ್ಷತ್ರದ ವಿಸ್ತಾರ 13 ಅಂಶ 20 ಕಲೆ, ಅಂದರೆ 800 ಕಲೆ. ವಿಂಶೋತ್ತರಿಯ 120 ವರ್ಷಗಳಲ್ಲಿ ಶುಕ್ರನ ಪಾಲು 20 ವರ್ಷವಾದ್ದರಿಂದ ಪ್ರತಿ ನಕ್ಷತ್ರದಲ್ಲಿ ಅವನ ಸಬ್ 2 ಅಂಶ 13 ಕಲೆ 20 ವಿಕಲೆಯಷ್ಟು ದೊಡ್ಡದು. ಸೂರ್ಯನ ಪಾಲು 6 ವರ್ಷ ಮಾತ್ರವಾದ್ದರಿಂದ ಅವನ ಸಬ್ ಬರಿಯ 40 ಕಲೆ. ಎಣಿಕೆ ಆ ನಕ್ಷತ್ರದ ಅಧಿಪತಿಯಿಂದಲೇ ಆರಂಭವಾಗಿ ದಶೆಗಳ ಕ್ರಮದಲ್ಲಿಯೇ ಸಾಗುತ್ತದೆ. 27 ನಕ್ಷತ್ರಗಳನ್ನು ಒಂಬತ್ತೊಂಬತ್ತು ಭಾಗ ಮಾಡಿದರೆ 243 ಆಗುತ್ತದೆ. ಸೂರ್ಯನ ಮೂರು ನಕ್ಷತ್ರಗಳಲ್ಲಿ ರಾಹುವಿನ ಸಬ್, ಗುರುವಿನ ಮೂರು ನಕ್ಷತ್ರಗಳಲ್ಲಿ ಚಂದ್ರನ ಸಬ್ ರಾಶಿಯ ಗಡಿಯ ಎರಡೂ ಬದಿಗೆ ಚಾಚಿಕೊಂಡಿರುವುದರಿಂದ ಆ ಆರನ್ನು ಎರಡೆರಡಾಗಿ ಎಣಿಸುತ್ತಾರೆ. ಕೆ.ಪಿ. ಪ್ರಶ್ನಶಾಸ್ತ್ರದಲ್ಲಿ 1ರಿಂದ 249ರೊಳಗೆ ಒಂದು ಸಂಖ್ಯೆ ಹೇಳಿ ಎಂದು ಕೇಳುವುದು ಇದೇ ಲೆಕ್ಕದಿಂದ.

ಹೀಗೆ ನೋಡಿದರೆ, ಹುಟ್ಟಿದಾಗ ಚಂದ್ರನಿದ್ದ ಸಬ್ ಯಾವುದೋ ಆಗ ನಡೆಯುತ್ತಿದ್ದ ಭುಕ್ತಿಯೂ ಅದೇ ಗ್ರಹದ್ದು. ಸಾಂಪ್ರದಾಯಿಕ ಜ್ಯೋತಿಷಿಯೂ ಜನ್ಮಕಾಲದ ಶಿಷ್ಟ ದಶೆಯನ್ನು ತೆಗೆಯುವಾಗ ತನಗರಿವಿಲ್ಲದೆ ಚಂದ್ರನ ಸಬ್ಬನ್ನು ಲೆಕ್ಕ ಹಾಕಿರುತ್ತಾನೆ. ಕೃಷ್ಣಮೂರ್ತಿಯವರು ಮಾಡಿದ ಹೊಸತೆಂದರೆ ಚಂದ್ರನೊಬ್ಬನಿಗೆ ಸೀಮಿತವಾಗಿದ್ದ ಆ ವಿಭಜನೆಯನ್ನು ಎಲ್ಲ ಗ್ರಹಗಳಿಗೂ, ಅದಕ್ಕಿಂತ ಮುಖ್ಯವಾಗಿ ಹನ್ನೆರಡು ಭಾವಗಳ ಆರಂಭಬಿಂದುಗಳಿಗೂ ಅನ್ವಯಿಸಿದ್ದು. ಈ ಆರಂಭಬಿಂದುವನ್ನು ಕೆ.ಪಿ.ಯವರು ಕಸ್ಪ್ ಎನ್ನುತ್ತಾರೆ.

ನೀವು ಜನ್ಮವಿವರಗಳನ್ನು ಕಳಿಸಿಲ್ಲ. ಆದ್ದರಿಂದ ನೀವು ಹೇಳಿದ ಸ್ಥಿತಿಯನ್ನೇ ಹೋಲುವಂತೆ, ವಿವರಣೆಗೆಂದೇ ನಾನು ಹೆಣೆದ ಒಂದು ಜಾತಕವನ್ನು ಇಟ್ಟುಕೊಂಡು ಹೇಳುತ್ತೇನೆ. ಇದರ ಗ್ರಹಸ್ಥಿತಿಯನ್ನು ಯಾವುದೋ ವರ್ಷದ ಪಂಚಾಂಗದಲ್ಲಿ ಹುಡುಕಬೇಡಿ. ಲಗ್ನ ಮೇಷ 12 ಅಂಶ 37 ಕಲೆ, ಹಾಗಾಗಿ ಏಳನೆಯ ಕಸ್ಪ್ ತುಲಾ 12 ಅಂಶ 37 ಕಲೆ. ಶುಕ್ರ ಮೀನದಲ್ಲಿ 12 ಅಂಶ 30 ಕಲೆಯಲ್ಲಿ, ಹನ್ನೆರಡನೆಯ ಭಾವದಲ್ಲಿದ್ದಾನೆ. ಶನಿ ಕನ್ಯೆಯ 18 ಅಂಶದಲ್ಲಿ, ಕುಜ ಕನ್ಯೆಯ 25 ಅಂಶದಲ್ಲಿ, ಇಬ್ಬರೂ ಆರನೆಯ ಭಾವದಲ್ಲಿ. ಬುಧ ಕುಂಭದ 9 ಅಂಶದಲ್ಲಿ, ಚಂದ್ರ ಕುಂಭದ 13 ಅಂಶ 20 ಕಲೆಯಲ್ಲಿ, ಇಬ್ಬರೂ ಹನ್ನೊಂದರಲ್ಲಿ. ರಾಹು ತುಲೆಯ 20 ಅಂಶ ದಾಟಿ ಏಳರಲ್ಲಿ. ಚಂದ್ರ ಶತಭಿಷಾ ನಕ್ಷತ್ರದ ಸರಿಯಾಗಿ ನಡುವೆ ಇರುವುದರಿಂದ ರಾಹು ದಶೆಯ 18 ವರ್ಷಗಳಲ್ಲಿ 9 ಉಳಿದಿವೆ. ಆಮೇಲೆ ಗುರು 16 ವರ್ಷ. ಶನಿ ದಶೆ 25ನೆಯ ವಯಸ್ಸಿಗೆ ಆರಂಭ. ಅದರಲ್ಲಿ ಶುಕ್ರ ಭುಕ್ತಿ 3 ವರ್ಷ 2 ತಿಂಗಳಿನದು, 31 ವರ್ಷ 10 ತಿಂಗಳ ಹೊತ್ತಿಗೆ ಹಿಡಿದು 35 ತುಂಬುವ ಹೊತ್ತಿಗೆ ಮುಗಿಯುತ್ತದೆ. ನಂತರ ಸುಮಾರು 11 ತಿಂಗಳು ರವಿ ಭುಕ್ತಿ, ಆಮೇಲೆ 19 ತಿಂಗಳು ಚಂದ್ರ ಭುಕ್ತಿ.

ಮೊದಲು ಪರಾಶರ ಪದ್ಧತಿಯ ಕಣ್ಣಿನಿಂದ ಇದನ್ನು ನೋಡೋಣ. ಶುಕ್ರ ಸಪ್ತಮಾಧಿಪತಿ, ಎರಡನೆಯ ಭಾವಕ್ಕೂ ಅಧಿಪತಿ, ಜೊತೆಗೆ ಕಳತ್ರಕಾರಕ. ರಾಶಿಯಲ್ಲಿ ಉಚ್ಚ; ಮೀನದ 10 ಅಂಶದಿಂದ 13 ಅಂಶ 20 ಕಲೆಯವರೆಗಿನ ನವಾಂಶ ತುಲೆಯದ್ದಾದ್ದರಿಂದ ನವಾಂಶದಲ್ಲಿ ಸ್ವಕ್ಷೇತ್ರ. ದಶಾನಾಥ ಶನಿಯಿಂದ ಎಣಿಸಿದರೆ ಭುಕ್ತಿನಾಥ ಶುಕ್ರ ಏಳನೆಯಲ್ಲಿದ್ದಾನೆ. ಇಷ್ಟೆಲ್ಲ ಇರುವಾಗ ಶನಿ–ಶುಕ್ರ ಕಾಲವನ್ನು ಮದುವೆಯ ಕಾಲವೆಂದು ಹೇಳುವುದು ಆ ಪದ್ಧತಿಯೊಳಗೆ ತಪ್ಪಲ್ಲ, ನಿಮ್ಮ ಜ್ಯೋತಿಷಿಗಳು ಅವಸರದಿಂದ ಹೇಳಿದ್ದಾರೆಂದು ನಾನು ಭಾವಿಸುವುದಿಲ್ಲ. ಎಚ್ಚರಿಕೆಯುಳ್ಳ ಜ್ಯೋತಿಷಿಯಾದರೆ ಶುಕ್ರ ವ್ಯಯದಲ್ಲಿರುವುದನ್ನೂ, ಕುಜ ಮತ್ತು ಶನಿ ಇಬ್ಬರೂ ಅವನನ್ನು ಎದುರಿನಿಂದ ನೋಡುತ್ತಿರುವುದನ್ನೂ, ಸಪ್ತಮದಲ್ಲಿ ರಾಹುವಿರುವುದನ್ನೂ ಗಮನಿಸಿ ‘ವಿಳಂಬ’ ಎಂಬ ಮಾತನ್ನು ಸೇರಿಸುತ್ತಿದ್ದರು. ಗುರು ಗೋಚಾರದಲ್ಲಿ ಸಪ್ತಮಕ್ಕೋ ಸಪ್ತಮಾಧಿಪತಿಗೋ ಸಂಬಂಧಿಸುವ ವರ್ಷವನ್ನು ಹುಡುಕಿ ಮೂರು ವರ್ಷದ ಅವಧಿಯನ್ನು ಒಂದಕ್ಕೆ ಇಳಿಸುತ್ತಿದ್ದರು. ಈ ಪದ್ಧತಿಯಲ್ಲಿ ಪರ ಮತ್ತು ವಿರೋಧ ಅಂಶಗಳೆಲ್ಲ ಒಂದೇ ಮಟ್ಟದಲ್ಲಿ ನಿಂತು ಒಂದನ್ನೊಂದು ತಗ್ಗಿಸುತ್ತವೆ, ಕೊನೆಯ ತೂಕ ಜ್ಯೋತಿಷಿಯ ಅನುಭವಕ್ಕೆ ಬಿಟ್ಟದ್ದು. ಇಂಥ ಅಂಶವೊಂದಿದ್ದರೆ ಉಳಿದದ್ದನ್ನೆಲ್ಲ ಬದಿಗಿಡಬೇಕು ಎಂಬ ಏಕೈಕ ನಿಯಮ ಅಲ್ಲಿ ಇಲ್ಲ.

ಕೆ.ಪಿ.ಯಲ್ಲಿ ಅಂಥದೊಂದು ನಿಯಮವಿದೆ, ಅದು ದಶೆಗೂ ಮೊದಲೇ ಬರುತ್ತದೆ. ಏಳನೆಯ ಕಸ್ಪಿನ ಸಬ್ ಲಾರ್ಡ್ 2, 7, 11ನೆಯ ಭಾವಗಳನ್ನು ಸೂಚಿಸಿದರೆ ಮದುವೆಯ ಯೋಗವಿದೆ. ಅವುಗಳ ಸಂಬಂಧವಿಲ್ಲದೆ 1, 6, 10ನ್ನು ಮಾತ್ರ ಸೂಚಿಸಿದರೆ ಇಲ್ಲ, ಆಗ ಯಾವ ಒಳ್ಳೆಯ ದಶೆ ಬಂದರೂ ಕಾಲನಿರ್ಣಯಕ್ಕೆ ಕೈಹಾಕಬಾರದು. ಎರಡು ಕುಟುಂಬಸ್ಥಾನ, ಏಳು ಕಳತ್ರ, ಹನ್ನೊಂದು ಇಷ್ಟಸಿದ್ಧಿ. ಪ್ರತಿ ಭಾವಕ್ಕೂ ಅದರ ಹಿಂದಿನದು ವ್ಯಯಸ್ಥಾನವಾದ್ದರಿಂದ ಎರಡನ್ನು ಒಂದು, ಏಳನ್ನು ಆರು, ಹನ್ನೊಂದನ್ನು ಹತ್ತು ಕೆಡಿಸುತ್ತವೆ ಎಂಬುದು ಇಲ್ಲಿನ ತರ್ಕ. ನಮ್ಮ ಉದಾಹರಣೆಯ ಕಸ್ಪ್ ತುಲಾ 12 ಅಂಶ 37 ಕಲೆ. ತುಲೆಯ 6 ಅಂಶ 40 ಕಲೆಯಿಂದ ಸ್ವಾತಿ ಆರಂಭ, ಅದರ ಅಧಿಪತಿ ರಾಹು. ರಾಹುವಿನ 2 ಅಂಶ ಕಳೆದು 8–40ಕ್ಕೆ ಗುರುವಿನ ಸಬ್, 10 ಅಂಶ 26 ಕಲೆ 40 ವಿಕಲೆಗೆ ಶನಿಯ ಸಬ್, 12 ಅಂಶ 33 ಕಲೆ 20 ವಿಕಲೆಗೆ ಬುಧನ ಸಬ್ ಆರಂಭವಾಗಿ 14 ಅಂಶ 26 ಕಲೆ 40 ವಿಕಲೆಯವರೆಗೆ ಇರುತ್ತದೆ. ಆದ್ದರಿಂದ ಏಳನೆಯ ಕಸ್ಪಿನ ಸಬ್ ಲಾರ್ಡ್ ಬುಧ. ಅವನಿರುವುದು ಶತಭಿಷಾ ನಕ್ಷತ್ರದಲ್ಲಿ, ನಕ್ಷತ್ರಾಧಿಪತಿ ರಾಹು, ರಾಹು ಇರುವುದು ಏಳರಲ್ಲಿ. ಬುಧ ತಾನಿರುವುದು ಹನ್ನೊಂದರಲ್ಲಿ. ಆರನೆಯ ಭಾವದ ಆಧಿಪತ್ಯ ಅವನಿಗಿದ್ದರೂ ನಕ್ಷತ್ರದ ಮೂಲಕ ಬಂದ ಸೂಚನೆಯ ಮುಂದೆ ಅದು ದುರ್ಬಲ. ಮದುವೆಗೆ ಬಾಗಿಲು ತೆರೆದಿದೆ ಎಂದಾಯಿತು.

ಈಗ ಕೊಡುವವರು ಯಾರು ಎಂಬ ಪ್ರಶ್ನೆ. ಒಂದು ಭಾವದ ಫಲವನ್ನು ಕೊಡುವ ಶಕ್ತಿಯಲ್ಲಿ ಕೆ.ಪಿ. ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ: ಆ ಭಾವದಲ್ಲಿರುವ ಗ್ರಹದ ನಕ್ಷತ್ರದಲ್ಲಿ ನಿಂತವರು ಎಲ್ಲರಿಗಿಂತ ಮೇಲೆ, ನಂತರ ಆ ಭಾವದಲ್ಲಿರುವ ಗ್ರಹವೇ, ನಂತರ ಭಾವಾಧಿಪತಿಯ ನಕ್ಷತ್ರದಲ್ಲಿ ನಿಂತವರು, ಎಲ್ಲರಿಗಿಂತ ಕೆಳಗೆ ಭಾವಾಧಿಪತಿ. ಪರಾಶರ ಪದ್ಧತಿಯಲ್ಲಿ ಅಗ್ರಪೂಜೆ ಪಡೆಯುವ ಸಪ್ತಮಾಧಿಪತಿ ಇಲ್ಲಿ ಕೊನೆಯ ಮೆಟ್ಟಿಲಿಗೆ ಇಳಿದದ್ದನ್ನು ಗಮನಿಸಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಜಾತಕದಲ್ಲಿ ಏಳರಲ್ಲಿರುವ ರಾಹುವಿನ ನಕ್ಷತ್ರದಲ್ಲಿ ನಿಂತ ಚಂದ್ರ ಮತ್ತು ಬುಧ ಮೊದಲ ಮೆಟ್ಟಿಲಿನವರು, ರಾಹು ಎರಡನೆಯವನು, ಶುಕ್ರ ನಾಲ್ಕನೆಯವನು.

ಇನ್ನರ್ಧ ಉತ್ತರ ಶುಕ್ರನ ಸಬ್ಬಿನಲ್ಲಿದೆ. ಅವನು ಮೀನದ 12 ಅಂಶ 30 ಕಲೆಯಲ್ಲಿ, ಅಂದರೆ ಉತ್ತರಾಭಾದ್ರದಲ್ಲಿದ್ದಾನೆ, ನಕ್ಷತ್ರಾಧಿಪತಿ ಶನಿ. ಶನಿ ಆರರಲ್ಲಿದ್ದು ಹತ್ತು ಮತ್ತು ಹನ್ನೊಂದಕ್ಕೆ ಅಧಿಪತಿ. ಹೀಗಾಗಿ ಶುಕ್ರ ತನ್ನ ಭುಕ್ತಿಯಲ್ಲಿ ಕೊಡಬೇಕಾದ ಫಲದಲ್ಲಿ ಆರು ಮತ್ತು ಹತ್ತರದ್ದು ಸೇರಿದೆ, ಹನ್ನೊಂದರದ್ದೂ ಸ್ವಲ್ಪ ಇದೆ. ಈ ಮಿಶ್ರಣದಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಸಬ್ ಹೇಳಬೇಕು. ಉತ್ತರಾಭಾದ್ರದಲ್ಲಿ 12 ಅಂಶ 6 ಕಲೆ 40 ವಿಕಲೆಯಿಂದ 12 ಅಂಶ 53 ಕಲೆ 20 ವಿಕಲೆಯವರೆಗೆ ಕುಜನ ಸಬ್. ಕುಜ ಚಿತ್ತಾ ಎಂಬ ತನ್ನದೇ ನಕ್ಷತ್ರದಲ್ಲಿ ನಿಂತು ಆರನೆಯ ಭಾವವನ್ನು ಬಲವಾಗಿ ಸೂಚಿಸುತ್ತಾನೆ, ಒಂದು ಮತ್ತು ಎಂಟಕ್ಕೆ ಅಧಿಪತಿಯೂ ಹೌದು. ಒಂದು, ಆರು: ಎರಡೂ ಮದುವೆಗೆ ವಿರೋಧಿಗಳು. ಶುಕ್ರನ ಭುಕ್ತಿಯಲ್ಲಿ ಸಂಬಂಧಗಳು ಬರಬಹುದು, ಮಾತುಕತೆ ನಡೆಯಬಹುದು, ಕೂಡಿಬರುವುದಿಲ್ಲ ಎಂದು ಕೆ.ಪಿ. ಜ್ಯೋತಿಷಿ ಹೇಳುವುದು ಈ ಕಾರಣಕ್ಕೆ. ಶುಕ್ರನ ಉಚ್ಚತ್ವವಾಗಲಿ ನವಾಂಶದ ಸ್ವಕ್ಷೇತ್ರವಾಗಲಿ ಈ ತೀರ್ಮಾನವನ್ನು ಅಲುಗಿಸುವುದಿಲ್ಲ. ಗ್ರಹದ ಬಲವು ಫಲದ ಗುಣಮಟ್ಟವನ್ನು ಹೇಳಬಹುದೇ ಹೊರತು, ಫಲ ಆಗುತ್ತದೆಯೇ ಎಂಬುದನ್ನಲ್ಲ ಎಂಬುದು ಅವರ ನಿಲುವು.

ಚಂದ್ರನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನು ಹನ್ನೊಂದರಲ್ಲಿದ್ದು ರಾಹುವಿನ ನಕ್ಷತ್ರದ ಮೂಲಕ ಏಳನ್ನು ಸೂಚಿಸುತ್ತಾನೆ. ಅವನಿರುವ ಸಬ್ ಬುಧನದು, ಬುಧ ಸೂಚಿಸುವುದೂ ಏಳು ಮತ್ತು ಹನ್ನೊಂದನ್ನೇ. ದಶಾನಾಥ ಶನಿ ಹಸ್ತಾ ನಕ್ಷತ್ರದಲ್ಲಿ, ಅಂದರೆ ಚಂದ್ರನ ನಕ್ಷತ್ರದಲ್ಲಿ, ಬುಧನ ಸಬ್ಬಿನಲ್ಲಿ ಇರುವುದರಿಂದ ದಶೆಯೂ ಅಡ್ಡಿಯಲ್ಲ. ಶುಕ್ರನಿಗೆ ನಕ್ಷತ್ರಾಧಿಪತಿಯಾಗಿ ಶನಿ ಕೊಟ್ಟದ್ದು ಆರು ಮತ್ತು ಹತ್ತು, ಆದರೆ ದಶಾನಾಥನಾಗಿ ಅದೇ ಶನಿ ಕೊಡುವುದು ಹನ್ನೊಂದು; ಈ ವೈಚಿತ್ರ್ಯ ಮೊದಲ ಬಾರಿ ನೋಡುವವರನ್ನು ಗಲಿಬಿಲಿಗೊಳಿಸುತ್ತದೆ. ಕಾರಣ ಸರಳ: ಗ್ರಹವೊಂದು ತನ್ನ ಕಾಲದಲ್ಲಿ ತಾನು ನಿಂತ ನಕ್ಷತ್ರದ ಅಧಿಪತಿಯ ಫಲವನ್ನು ಮುಖ್ಯವಾಗಿ ಕೊಡುತ್ತದೆ, ತನ್ನ ಸ್ವಂತ ಸ್ಥಿತಿಯ ಫಲವನ್ನು ತನ್ನ ನಕ್ಷತ್ರದಲ್ಲಿ ನಿಂತವರಿಗೆ ಬಿಟ್ಟುಕೊಡುತ್ತದೆ.

ಚಂದ್ರ ಭುಕ್ತಿಯ 19 ತಿಂಗಳನ್ನು ಇನ್ನೂ ಕಿರಿದು ಮಾಡಲು ಭುಕ್ತಿಯೊಳಗಿನ ಉಪವಿಭಾಗಗಳಾದ ಅಂತರಗಳನ್ನು ನೋಡಬೇಕು. ಏಳು, ಹನ್ನೊಂದನ್ನು ಸೂಚಿಸುವ ರಾಹು ಮತ್ತು ಬುಧರ ಅಂತರಗಳು ಇಲ್ಲಿ ಸ್ಪರ್ಧಿಗಳು. ರಾಹುವಿನ ಅಂತರ ಸುಮಾರು 85 ದಿನ, 36 ವರ್ಷ 2 ತಿಂಗಳ ಆಸುಪಾಸಿನಲ್ಲಿ ಆರಂಭ. ಬುಧನದು ಸುಮಾರು 81 ದಿನ, 36 ವರ್ಷ 10 ತಿಂಗಳ ಆಸುಪಾಸಿನಲ್ಲಿ. ಎರಡರಲ್ಲಿ ಒಂದನ್ನು ಆರಿಸಲು ಕೃಷ್ಣಮೂರ್ತಿಯವರು ‘ರೂಲಿಂಗ್ ಪ್ಲಾನೆಟ್ಸ್’ ಎಂಬ ಉಪಾಯವನ್ನು ತಂದರು: ಜಾತಕವನ್ನು ಪರಿಶೀಲಿಸುವ ಕ್ಷಣದ ವಾರಾಧಿಪತಿ, ಚಂದ್ರನ ರಾಶಿ ಮತ್ತು ನಕ್ಷತ್ರಗಳ ಅಧಿಪತಿಗಳು, ಉದಯ ಲಗ್ನದ ರಾಶಿ ಮತ್ತು ನಕ್ಷತ್ರಗಳ ಅಧಿಪತಿಗಳು. ಸೋಮವಾರ ಆರ್ದ್ರಾ ನಕ್ಷತ್ರದಂದು ಈ ಜಾತಕವನ್ನು ನೋಡಿದರೆ ವಾರದಿಂದ ಚಂದ್ರ, ಮಿಥುನ ರಾಶಿಯಿಂದ ಬುಧ, ಆರ್ದ್ರೆಯಿಂದ ರಾಹು, ಮೂವರೂ ಸಿಗುತ್ತಾರೆ. ಅವರಲ್ಲಿ ನಕ್ಷತ್ರಾಧಿಪತಿಗೆ ರಾಶ್ಯಧಿಪತಿಗಿಂತ ಹೆಚ್ಚು ಬಲವಾದ್ದರಿಂದ ರಾಹುವಿನ ಅಂತರವನ್ನು ಆರಿಸುತ್ತಾರೆ. ಆಯ್ದ ಅಂತರದೊಳಗೆ ದಿನವನ್ನು ಹುಡುಕಲು ಗೋಚಾರದ ರವಿ, ಚಂದ್ರರು ಇದೇ ಗ್ರಹಗಳ ನಕ್ಷತ್ರ ಮತ್ತು ಸಬ್ಬುಗಳನ್ನು ದಾಟುವ ಸಮಯವನ್ನು ನೋಡುತ್ತಾರೆ. ಪರಾಶರ ಪದ್ಧತಿಯವರು ಗೋಚಾರವನ್ನು ಹೆಚ್ಚಾಗಿ ಜನ್ಮರಾಶಿಯಿಂದ, ಅಷ್ಟಕವರ್ಗದ ಬಿಂದುಗಳೊಂದಿಗೆ ಎಣಿಸುತ್ತಾರೆ. ಅಲ್ಲಿ ಘಟಕ ರಾಶಿ, ಇಲ್ಲಿ ನಕ್ಷತ್ರದ ಒಂದು ತುಣುಕು. ನನ್ನ ಅಭಿಪ್ರಾಯದಲ್ಲಿ ರೂಲಿಂಗ್ ಪ್ಲಾನೆಟ್ಸ್ ಈ ಪದ್ಧತಿಯ ಅತ್ಯಂತ ಸಡಿಲವಾದ ಕೊಂಡಿ, ಏಕೆಂದರೆ ಅದೇ ಜಾತಕವನ್ನು ಮರುದಿನ ತೆರೆದ ಜ್ಯೋತಿಷಿಗೆ ಬೇರೆ ಉತ್ತರ ಸಿಗಬಹುದು, ಮತ್ತು ಯಾವ ಕ್ಷಣವನ್ನು ‘ಪರಿಶೀಲನೆಯ ಕ್ಷಣ’ ಎನ್ನಬೇಕೆಂಬುದನ್ನು ಆರಿಸುವವರು ಅವರೇ.

ಇನ್ನು ಎಲ್ಲಿ ಎಡವುತ್ತದೆ ಎಂಬುದನ್ನು ಹೇಳಬೇಕು. ಉದಾಹರಣೆಯ ಕಸ್ಪನ್ನು ನಾನು ಬೇಕೆಂದೇ ಗಡಿಯ ಹತ್ತಿರ ಇಟ್ಟಿದ್ದೇನೆ. ಅದು ಶನಿ–ಬುಧ ಸಬ್ಬುಗಳ ಗಡಿಯಿಂದ 3 ಕಲೆ 40 ವಿಕಲೆಯಷ್ಟೇ ಮುಂದಿದೆ. ಲಗ್ನ ಒಂದು ಅಂಶ ಸರಿಯಲು ಸರಾಸರಿ 4 ನಿಮಿಷ ತೆಗೆದುಕೊಳ್ಳುವುದರಿಂದ ಈ ವ್ಯತ್ಯಾಸ ಸುಮಾರು 15 ಸೆಕೆಂಡು. ಜನನ ಅಷ್ಟು ಮೊದಲು ಆಗಿದ್ದರೆ ಏಳನೆಯ ಕಸ್ಪಿನ ಸಬ್ ಲಾರ್ಡ್ ಬುಧನಲ್ಲ, ಶನಿ. ಶನಿ ನಕ್ಷತ್ರದ ಮೂಲಕ ಹನ್ನೊಂದನ್ನು, ಸ್ಥಿತಿ ಮತ್ತು ಆಧಿಪತ್ಯದ ಮೂಲಕ ಆರು ಮತ್ತು ಹತ್ತನ್ನು ಸೂಚಿಸುವುದರಿಂದ ತೀರ್ಪು ಇಬ್ಬರು ಕೆ.ಪಿ. ಜ್ಯೋತಿಷಿಗಳು ಎರಡು ಮಾತು ಹೇಳುವ ಸ್ಥಿತಿಗೆ ಬರುತ್ತದೆ. ಪರಾಶರ ಪದ್ಧತಿಯ ಫಲ ಈ 15 ಸೆಕೆಂಡಿಗೆ ಕದಲುವುದಿಲ್ಲ. ಮೇಷ ಲಗ್ನ ಸುಮಾರು ಎರಡು ಗಂಟೆ ಮೇಷ ಲಗ್ನವೇ. ಅವಳಿಗಳ ಭಿನ್ನ ಜೀವನವನ್ನು ವಿವರಿಸಬಲ್ಲೆವು ಎಂದು ಕೆ.ಪಿ.ಯವರು ಹೆಮ್ಮೆಪಡುವುದೂ ಈ ಸೂಕ್ಷ್ಮತೆಯಿಂದಲೇ, ಆಸ್ಪತ್ರೆಯ ದಾಖಲೆಯಲ್ಲಿ ಸಮಯವನ್ನು ಐದರ ಮಗ್ಗಿಗೆ ಸರಿಮಾಡಿ ಬರೆದಿದ್ದರೆ ಅವರ ಲೆಕ್ಕ ಬಿದ್ದುಹೋಗುವುದೂ ಇದರಿಂದಲೇ.

ಜನನ ಸಮಯ ನಿಖರವಾಗಿದ್ದರೂ ಅಯನಾಂಶದ, ಅಂದರೆ ಸಾಯನ ಸ್ಥಾನದಿಂದ ಕಳೆದು ನಿರಯಣ ಸ್ಥಾನವನ್ನು ಪಡೆಯುವ ಅಂತರದ, ಪ್ರಶ್ನೆ ಉಳಿಯುತ್ತದೆ. ಕೃಷ್ಣಮೂರ್ತಿ ಅಯನಾಂಶವು ಲಾಹಿರಿ ಅಯನಾಂಶಕ್ಕಿಂತ ಸುಮಾರು 6 ಕಲೆ ಕಡಿಮೆ, ಆದ್ದರಿಂದ ಅದರಲ್ಲಿ ಗ್ರಹ, ಕಸ್ಪುಗಳೆಲ್ಲ 6 ಕಲೆ ಮುಂದೆ ಕಾಣುತ್ತವೆ. ನಮ್ಮ 12 ಅಂಶ 37 ಕಲೆಯ ಕಸ್ಪ್ ಲಾಹಿರಿಯಲ್ಲಿ 12–31 ಆಗಿ ಶನಿಯ ಸಬ್ಬಿಗೆ ಬೀಳುತ್ತದೆ. ಸಾಮಾನ್ಯ ಜಾತಕ ಸಾಫ್ಟ್‌ವೇರಿನಲ್ಲಿ ಲಾಹಿರಿಯನ್ನು ಹಾಗೆಯೇ ಬಿಟ್ಟು ಕೆ.ಪಿ. ಪಟ್ಟಿಯನ್ನು ಮುದ್ರಿಸಿಕೊಂಡವರು ಎಷ್ಟೋ ಮಂದಿ. ಭಾವಗಳ ವಿಷಯದಲ್ಲಿಯೂ ಗೊಂದಲ ಸಾಮಾನ್ಯ. ಕೆ.ಪಿ. ಪ್ಲಾಸಿಡಸ್ ಭಾವವಿಭಾಗವನ್ನು ಬಳಸುತ್ತದೆ, ಅದರಲ್ಲಿ ಕಸ್ಪ್ ಎಂದರೆ ಭಾವದ ಆರಂಭ. ಶ್ರೀಪತಿ ಪದ್ಧತಿಯಲ್ಲಿ ಅದೇ ಬಿಂದು ಭಾವದ ಮಧ್ಯ. ಉದಾಹರಣೆಗೆ, ಈ ಜಾತಕದಲ್ಲಿ ತುಲೆಯ 8 ಅಂಶದಲ್ಲಿ ಒಂದು ಗ್ರಹವಿದ್ದರೆ ರಾಶಿಚಕ್ರದಲ್ಲಿಯೂ ಶ್ರೀಪತಿಯಲ್ಲಿಯೂ ಅದು ಏಳರದ್ದು, ಕೆ.ಪಿ.ಯಲ್ಲಿ ಆರರದ್ದು, ಮದುವೆ ಮಾಡಿಸಬೇಕಾದವನು ಕೆಡಿಸುವವನಾಗುತ್ತಾನೆ. ಎರಡು ಪದ್ಧತಿಗಳನ್ನು ಬೆರೆಸಿ ಒಂದರ ಭಾವವನ್ನು ಇನ್ನೊಂದರ ಸಬ್ಬಿನೊಂದಿಗೆ ಓದುವವರ ಕಾಲನಿರ್ಣಯ ಯಾವ ಪದ್ಧತಿಯದ್ದೂ ಆಗಿರುವುದಿಲ್ಲ.

ಮತ್ತೊಂದು ತೊಂದರೆ ಹಿಂದಿರುಗಿ ನೋಡಿ ಹೊಂದಿಸುವುದು. ಒಂಬತ್ತು ಗ್ರಹಗಳು, ನಾಲ್ಕು ಮೆಟ್ಟಿಲು, ಮೂರು ಭಾವಗಳು ಸೇರಿದಾಗ ಬಹುತೇಕ ಎಲ್ಲ ಗ್ರಹಗಳೂ ಯಾವುದಾದರೊಂದು ರೀತಿಯಲ್ಲಿ ಮದುವೆಯ ಸೂಚಕರಾಗಿಬಿಡುತ್ತವೆ, ಆಮೇಲೆ ಆದ ಘಟನೆಗೆ ಯಾವ ಭುಕ್ತಿಯನ್ನಾದರೂ ಸಮರ್ಥಿಸಬಹುದು. ಶುಕ್ರ ಭುಕ್ತಿಯಲ್ಲಿಯೇ ಮದುವೆಯಾಗಿದ್ದರೆ ‘ಶನಿಯ ಮೂಲಕ ಹನ್ನೊಂದರ ಸಂಬಂಧವಿತ್ತು, ಎರಡು ಮತ್ತು ಏಳರ ಆಧಿಪತ್ಯವಿತ್ತು’ ಎಂದು ಹೇಳಲು ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಈ ಎರಡೂ ಪದ್ಧತಿಗಳ ಕಾಲನಿರ್ಣಯ ವೈಜ್ಞಾನಿಕ ಪರೀಕ್ಷೆಯಿಂದ ಸ್ಥಾಪಿತವಾದ ಸಂಗತಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎರಡನೆಯ ಪದ್ಧತಿ ಹೆಚ್ಚು ದಶಮಾಂಶಗಳನ್ನು ಬಳಸುತ್ತದೆ ಎಂಬ ಕಾರಣಕ್ಕೆ ಅದರ ಫಲವೂ ಅಷ್ಟೇ ನಿಖರವೆಂದು ತಿಳಿಯುವಂತಿಲ್ಲ.

ಆದ್ದರಿಂದ ನಿಮಗೆ ‘ಚಂದ್ರ ಭುಕ್ತಿ’ ಎಂದವರಲ್ಲಿ ಮೂರು ವಿಷಯ ಕೇಳಿ: ಯಾವ ಅಯನಾಂಶದಲ್ಲಿ ಲೆಕ್ಕ ಹಾಕಿದಿರಿ, ಏಳನೆಯ ಕಸ್ಪ್ ಎಷ್ಟು ಅಂಶ ಎಷ್ಟು ಕಲೆಯಲ್ಲಿದೆ, ಅದು ಹತ್ತಿರದ ಸಬ್ ಗಡಿಯಿಂದ ಎಷ್ಟು ದೂರ. ಆ ದೂರ ಅರ್ಧ ಅಂಶಕ್ಕಿಂತ ಹೆಚ್ಚಿದ್ದರೆ ಜನನ ಸಮಯದಲ್ಲಿ ಒಂದೆರಡು ನಿಮಿಷದ ದೋಷವಿದ್ದರೂ ಸಬ್ ಲಾರ್ಡ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಕೆಲವೇ ಕಲೆಗಳಷ್ಟಿದ್ದರೆ ಅವರು ಮೊದಲು ಜನನ ಸಮಯವನ್ನು ಶೋಧಿಸಬೇಕು. ಹಾಗೆ ಶೋಧಿಸುವಾಗ ಈಗಾಗಲೇ ನಡೆದಿರುವ, ದಿನಾಂಕ ಖಚಿತವಿರುವ ಘಟನೆಗಳನ್ನು ತೆಗೆದುಕೊಳ್ಳಬೇಕು: ಕೆಲಸಕ್ಕೆ ಸೇರಿದ್ದು ಹತ್ತನೆಯ ಕಸ್ಪಿಗೆ, ಮನೆ ಕೊಂಡದ್ದು ನಾಲ್ಕನೆಯದಕ್ಕೆ, ತಮ್ಮ ಅಥವಾ ತಂಗಿ ಹುಟ್ಟಿದ್ದು ಮೂರನೆಯದಕ್ಕೆ. ಆ ಘಟನೆಗಳ ದಶಾ–ಭುಕ್ತಿ–ಅಂತರಗಳಿಗೆ ಎರಡು ಸಬ್ಬುಗಳಲ್ಲಿ ಯಾವುದು ಒಪ್ಪುತ್ತದೆ ಎಂದು ನೋಡಿ ಸಮಯವನ್ನು ನಿಲ್ಲಿಸಿದ ಮೇಲೆಯೇ ಮದುವೆಯ ಕಸ್ಪನ್ನು ಓದಬೇಕು. ಮದುವೆಯ ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಅದಕ್ಕೆ ಒಪ್ಪುವಂತೆ ಸಮಯವನ್ನು ಸರಿಸಿದ್ದರೆ, ಸರಿಸಿದ ಸೆಕೆಂಡುಗಳ ಬಗ್ಗೆ ಅವರನ್ನು ಕೇಳುವ ಹಕ್ಕು ನಿಮಗಿದೆ.